ಸೋಪಿಗೆ ಯಾವ ಎಣ್ಣೆ? ಶೇಂಗಾ ಹಾಕಿ, ಕುಸುಬಿ ಬಿಡಿ

"ನಮ್ಮ ರಾಯಚೂರು ಕಡೆ ಗಾಣದ ಶೇಂಗಾ ಎಣ್ಣೆ, ಕುಸುಬಿ ಎಣ್ಣೆ ಸಿಗುತ್ತಲ್ಲ, ಅದರಲ್ಲೇ ಸೋಪು ಮಾಡಬಾರದಾ?"

ಶೇಂಗಾ ಎಣ್ಣೆ ಹಾಕಿ, ಆದರೆ ಅದೊಂದನ್ನೇ ಹಾಕಬೇಡಿ. ಕುಸುಬಿ ಎಣ್ಣೆ ಅಡುಗೆಗೇ ಇರಲಿ.

ಸಾಮಾನ್ಯ ಕುಸುಬಿ ಎಣ್ಣೆಯಲ್ಲಿ ಮುಕ್ಕಾಲು ಪಾಲು ಲಿನೋಲಿಕ್ ಆಮ್ಲ. ಅದರ ಸೋಪು ಮೆತ್ತಗಿರುತ್ತದೆ, ಗಾಳಿ ಮತ್ತು ಶಾಖಕ್ಕೆ ಬೇಗ ಕೆಡುತ್ತದೆ. ನಮ್ಮ ಏಪ್ರಿಲ್ ಬಿಸಿಲು ಗೊತ್ತಲ್ವಾ? ಒಣಗಲು ಇಟ್ಟ ಬಿಲ್ಲೆಗಳ ಮೇಲೆ ಕಿತ್ತಳೆ ಬಣ್ಣದ ಚುಕ್ಕೆ ಏಳುತ್ತವೆ, ಮೂಗಿಗೆ ಹಿಡಿದರೆ ಹಳೇ ಕರಿದೆಣ್ಣೆ ವಾಸನೆ. ಮಾಮೂಲಿ ಸೂರ್ಯಕಾಂತಿ ಎಣ್ಣೆಯದೂ ಇದೇ ಕಥೆ.

ಶೇಂಗಾದಲ್ಲಿ ಓಲಿಕ್ ಆಮ್ಲ ಜಾಸ್ತಿ, ಹಾಗಾಗಿ ಮೈಗೆ ಮೃದು. ಗಟ್ಟಿಯಾಗಲು ಮಾತ್ರ ತಡ, ನೊರೆಯೂ ಸಣ್ಣದು. ಒದ್ದೆ ಸೋಪುಡಬ್ಬಿಯಲ್ಲಿ ಬಿಟ್ಟರೆ ಅಡಿಭಾಗ ಲೋಳೆಯಾಗಿ ಬಿಡುತ್ತದೆ.

ಇದಕ್ಕೆ ಮದ್ದು ಕೊಬ್ಬರಿ ಎಣ್ಣೆ. ಬೇಗ ಗಟ್ಟಿಯಾಗುತ್ತದೆ, ದಪ್ಪ ನೊರೆ ಕೊಡುತ್ತದೆ. ನಮ್ಮ ಬೋರ್ ನೀರಿಗೆ ಇದು ಬೇಕೇ ಬೇಕು: ಗಡಸು ನೀರಿನ ಸುಣ್ಣದಂಶ ಸೋಪಿನ ಜೊತೆ ಸೇರಿ ಬಿಳಿ ಜಿಡ್ಡಾಗುತ್ತದೆ, ಬೇರೆ ಎಣ್ಣೆಯ ಸೋಪಿಗೆ ನೊರೆಯೇ ಬರುವುದಿಲ್ಲ, ಕೊಬ್ಬರಿಯದ್ದು ಮಾತ್ರ ಉಪ್ಪುನೀರಲ್ಲೂ ಸ್ವಲ್ಪ ನೊರೆಯುತ್ತದೆ. ಆದರೆ ಒಟ್ಟು ಎಣ್ಣೆಯ ಮೂರನೇ ಒಂದು ಭಾಗ ದಾಟಿದರೆ ಸ್ನಾನದ ನಂತರ ಮೈ ಬಿಗಿಯುತ್ತದೆ. ಔಡಲ ಎಣ್ಣೆ ಒಂದಿಷ್ಟು ಸೇರಿದರೆ ನೊರೆ ಬೇಗ ಇಳಿಯುವುದಿಲ್ಲ, ಜಾಸ್ತಿಯಾದರೆ ಅಂಟಂಟು.

ನಾನು 500 ಗ್ರಾಂ ಎಣ್ಣೆಗೆ ಹೀಗೆ ಹಾಕುತ್ತೇನೆ: ಶೇಂಗಾ 160, ಕೊಬ್ಬರಿ 150, ಪಾಮ್ ಎಣ್ಣೆ 150, ಔಡಲ 40. ಪಾಮ್ ಎಣ್ಣೆ ಇರುವುದು ಬಿಲ್ಲೆ ಬೇಗ ಕರಗದಿರಲಿ ಅಂತ. ಇಷ್ಟಕ್ಕೆ ಕಾಸ್ಟಿಕ್ ಸೋಡಾ 71 ಗ್ರಾಂ, ನೀರು 150 ಗ್ರಾಂ. ಲೆಕ್ಕದ ಪ್ರಕಾರ ಸುಮಾರು 75 ಗ್ರಾಂ ಸೋಡಾ ಬೇಕು, ನಾಲ್ಕೈದು ಗ್ರಾಂ ಕಡಿಮೆ ಹಾಕಿದರೆ ಒಂದಷ್ಟು ಎಣ್ಣೆ ಹಾಗೇ ಉಳಿದು ಮೈಗೆ ಹಿತವಾಗುತ್ತದೆ. ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾಕ್ಕಲ್ಲ. ಸ್ಟೀಲ್ ಪಾತ್ರೆ, ಕೈಗವಸು, ಕನ್ನಡಕ ಇರಲಿ, ಅಲ್ಯೂಮಿನಿಯಂ ಪಾತ್ರೆ ಬೇಡ. ಕತ್ತರಿಸಿದ ಬಿಲ್ಲೆಗಳನ್ನು ನಾಲ್ಕರಿಂದ ಆರು ವಾರ ನೆರಳಲ್ಲಿ ಒಣಗಿಸಿ.

ಎಣ್ಣೆ ಬದಲಿಸಿದರೆ ಸೋಡಾ ಲೆಕ್ಕ ಮತ್ತೆ ಮಾಡಿ. ಶೇಂಗಾ ಬದಲು ಕುಸುಬಿ ಹಾಕಿದರೆ ಸೋಡಾ ಹೆಚ್ಚುಕಡಿಮೆ ಅಷ್ಟೇ, ಅದಕ್ಕೇ ಜನ ಸುಮ್ನೆ ಬದಲಿಸಿಬಿಡುತ್ತಾರೆ, ಚುಕ್ಕೆ ಏಳುವುದು ಆಮೇಲೆ. ಕೊಬ್ಬರಿ ಹಾಗಲ್ಲ: 100 ಗ್ರಾಂ ಪಾಮ್ ತೆಗೆದು ಅಷ್ಟೇ ಕೊಬ್ಬರಿ ಹಾಕಿದರೆ ಸೋಡಾ ಸುಮಾರು 4 ಗ್ರಾಂ ಹೆಚ್ಚು ಬೇಕು.