ಹಣ ಸೋರಿದ್ದು ಖಾತೆ ನಿದ್ರೆಗೆ ಜಾರುವ ಮೊದಲು

ಕಳೆದ ವರ್ಷ ಒಂದು ಸೋಮವಾರ, ಕೌಂಟರಿನ ಮುಂದೆ ಇಪ್ಪತ್ತು ಜನ ನಿಂತಿದ್ದಾಗ, ಟ್ಯಾಕ್ಸಿ ಓಡಿಸುವ ಒಬ್ಬರು ಹಳೆಯ ಪಾಸ್‌ಬುಕ್ ಚಾಚಿ ಕೇಳಿದರು: "ಮೇಡಂ, ಸಾವಿರದ ನೂರ ಇಪ್ಪತ್ತು ರೂಪಾಯಿ ಇಟ್ಟಿದ್ದೆ. ಈಗ ನೂರ ಚಿಲ್ಲರೆ ತೋರಿಸುತ್ತಿದೆ. ಮಿಕ್ಕದ್ದು ಎಲ್ಲಿ ಹೋಯಿತು?" ನಾನು ಪರದೆಯ ಮೇಲೆ 'ನಿಷ್ಕ್ರಿಯ' ಎಂಬ ಗುರುತು ಕಂಡೆ. "ಖಾತೆ ಡಾರ್ಮಂಟ್ ಆಗಿದೆ, ಅದಕ್ಕೇ ಶುಲ್ಕ ಹೋಗಿದೆ" ಎಂದುಬಿಟ್ಟೆ. ಹದಿನಾಲ್ಕು ವರ್ಷದ ಸರ್ವಿಸಿನಲ್ಲಿ ಈ ಮಾತನ್ನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಆ ಮಾತೇ ತಪ್ಪು.

ಅವರು ಹೋಗಲಿಲ್ಲ. "ಡಾರ್ಮಂಟ್ ಆದದ್ದು ಯಾವ ತಾರೀಖಿಗೆ, ಹಣ ಕಡಿದದ್ದು ಯಾವ ತಾರೀಖಿಗೆ, ಅದೊಂದು ಹೇಳಿ" ಎಂದರು. ಮಧ್ಯಾಹ್ನ ಜನ ಕರಗಿದ ಮೇಲೆ ಸ್ಟೇಟ್‌ಮೆಂಟ್ ತೆಗೆದು ಪೆನ್ಸಿಲ್ ಹಿಡಿದು ಕೂತೆ.

ಅದು ಮೊದಲು ಸಂಬಳದ ಖಾತೆ. ಅವರು ಒಂದು ಟ್ರಾವೆಲ್ಸ್ ಕಂಪನಿಯಲ್ಲಿದ್ದಾಗ ತೆರೆದದ್ದು. ಕೆಲಸ ಬಿಟ್ಟ ಮೇಲೆ ಕೊನೆಯ ಸಲ ಎಟಿಎಂನಿಂದ ಹಣ ತೆಗೆದದ್ದು 2021ರ ಜೂನ್ 8ರಂದು. ಉಳಿದದ್ದು 1,120 ರೂಪಾಯಿ. ಸಂಬಳ ಬರುವುದು ನಿಂತು ಕೆಲವು ತಿಂಗಳಾದ ಮೇಲೆ ನಮ್ಮ ವ್ಯವಸ್ಥೆ ಅದನ್ನು ಸಾಮಾನ್ಯ ಉಳಿತಾಯ ಖಾತೆಯಾಗಿ ಬದಲಿಸಿತು. ಸಂಬಳದ ಖಾತೆಗೆ ಕನಿಷ್ಠ ಮೊತ್ತದ ಗೊಡವೆ ಇಲ್ಲ, ಸಾಮಾನ್ಯ ಖಾತೆಗೆ ನಮ್ಮ ಶಾಖೆಯಲ್ಲಿ ಸರಾಸರಿ 1,000 ರೂಪಾಯಿ ಇರಬೇಕು. ಇವರದು 1,120 ಇತ್ತು, ದಾಟಿಯೇ ಇತ್ತು.

ಕೆಡವಿದ್ದು ಡೆಬಿಟ್ ಕಾರ್ಡಿನ ವಾರ್ಷಿಕ ಶುಲ್ಕ. ನವೆಂಬರಿನಲ್ಲಿ 150 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 177. ಉಳಿದದ್ದು 943. ಇನ್ನು ಕನಿಷ್ಠಕ್ಕಿಂತ 57 ರೂಪಾಯಿ ಕಡಿಮೆ. ಅಷ್ಟಕ್ಕೇ, ತಿಂಗಳ ನೋಟಿಸಿನ ಅವಧಿ ಮುಗಿದು 2022ರ ಜನವರಿಯಿಂದ ಪ್ರತಿ ತಿಂಗಳು 29.50 ಕಡಿತ ಶುರುವಾಯಿತು. ಹತ್ತು ತಿಂಗಳಿಗೆ 648ಕ್ಕೆ ಇಳಿಯಿತು. ನವೆಂಬರ್ ಬಂದಾಗ ತಿಂಗಳ ಕಡಿತವೂ ಕಾರ್ಡಿನ 177 ಕೂಡ ಒಟ್ಟಿಗೆ ಬಿದ್ದು 441.50 ಆಯಿತು. ಕೊರತೆ ಅರ್ಧಕ್ಕಿಂತ ಹೆಚ್ಚಾದರೆ ನಮ್ಮಲ್ಲಿ ದಂಡದ ದರವೂ ಏರುತ್ತದೆ. ಅಲ್ಲಿಂದ ತಿಂಗಳಿಗೆ 41.30. ನೆಲ ತಗ್ಗಿದಷ್ಟೂ ನೀರು ಹರಿಯುವ ಹಾಗೆ, ಖಾತೆ ಬಡವಾದಷ್ಟೂ ಕಡಿತ ದೊಡ್ಡದಾಯಿತು. 2023ರ ಜೂನ್ ಮೊದಲ ವಾರ ಉಳಿದದ್ದು 152.40. ಕಡಿದದ್ದು ಒಟ್ಟು 967.60. ಬಡ್ಡಿಯ ಚಿಲ್ಲರೆಯನ್ನು ಈ ಲೆಕ್ಕದಲ್ಲಿ ಹಿಡಿದಿಲ್ಲ.

ಈಗ ತಾರೀಖು ನೋಡಿ. ಗ್ರಾಹಕರೇ ಮಾಡಿದ ವ್ಯವಹಾರ ಎರಡು ವರ್ಷಕ್ಕೂ ಮೀರಿ ಇಲ್ಲದಿದ್ದರೆ ಖಾತೆ ನಿಷ್ಕ್ರಿಯ. ಬ್ಯಾಂಕು ತಾನೇ ಕಡಿದ ಶುಲ್ಕವಾಗಲಿ, ತಾನೇ ಹಾಕಿದ ಬಡ್ಡಿಯಾಗಲಿ ಈ ಲೆಕ್ಕಕ್ಕೆ ಬಾರದು. ಹಾಗಾಗಿ ಇವರ ಖಾತೆಗೆ ಎರಡು ವರ್ಷ ತುಂಬಿದ್ದು 2023ರ ಜೂನ್ 8ಕ್ಕೆ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ನಿಷ್ಕ್ರಿಯ ಖಾತೆಗೆ ಕನಿಷ್ಠ ಮೊತ್ತ ಇಲ್ಲವೆಂದು ದಂಡ ಹಾಕುವಂತಿಲ್ಲ, ಮತ್ತೆ ಚಾಲೂ ಮಾಡಲು ಶುಲ್ಕ ಕೇಳುವಂತಿಲ್ಲ, ಉಳಿತಾಯ ಖಾತೆಯಾದರೆ ಬಡ್ಡಿ ಹಾಕುವುದನ್ನು ನಿಲ್ಲಿಸುವಂತೆಯೂ ಇಲ್ಲ. ಅಂದರೆ ಹಣ ಸೋರಿದ್ದೆಲ್ಲ ಖಾತೆ ಇನ್ನೂ 'ಎಚ್ಚರ'ವಾಗಿದ್ದಾಗ. ನಿದ್ರೆ ಹತ್ತಿದ ಮೇಲೆ ಸೋರಿಕೆ ನಿಲ್ಲಬೇಕಿತ್ತು.

ಆದರೆ ಸ್ಟೇಟ್‌ಮೆಂಟಿನ ಕೊನೆಯಲ್ಲಿ ಇನ್ನೊಂದು ಸಾಲಿತ್ತು: ಜುಲೈ 5, 2023, 41.30. ಖಾತೆಗೆ ನಿಷ್ಕ್ರಿಯ ಗುರುತು ಬಿದ್ದದ್ದು ಜುಲೈ 31ಕ್ಕೆ. ಒಂದು ತಿಂಗಳಲ್ಲಿ ಎರಡು ವರ್ಷ ತುಂಬಿದ ಖಾತೆಗಳಿಗೆ ಗುರುತು ಹಾಕುವ ಕೆಲಸ ಮುಂದಿನ ತಿಂಗಳ ಕೊನೆಯಲ್ಲಿ ಒಟ್ಟಿಗೆ ನಡೆಯುತ್ತಿದ್ದುದರಿಂದ ನಡುವೆ ಈ ಒಂದು ಕಡಿತ ನುಸುಳಿತ್ತು. ನಮ್ಮ ಮ್ಯಾನೇಜರ್ ವಾದಿಸಿದರು, ಜೂನ್ ತಿಂಗಳ ಮೊದಲ ಎಂಟು ದಿನ ಖಾತೆ ಚಾಲೂ ಇತ್ತಲ್ಲ, ದಂಡ ಜೂನ್ ತಿಂಗಳದು ಎಂದು. ನಾನು ಒಪ್ಪಲಿಲ್ಲ: ಕಡಿದ ದಿನ ಎರಡು ವರ್ಷ ದಾಟಿ ಹೋಗಿತ್ತು. ನಲವತ್ತೊಂದು ರೂಪಾಯಿ ಮೂವತ್ತು ಪೈಸೆಗೆ ಅರ್ಧ ದಿನದ ಪತ್ರ ವ್ಯವಹಾರ ಮಾಡಿ ಮರಳಿ ಹಾಕಿಸಿದೆ.

ಉಳಿದ 967.60 ಬಗ್ಗೆ ನನ್ನಿಂದ ಏನೂ ಆಗಲಿಲ್ಲ. ದಂಡ ಹಾಕುವ ಮೊದಲು ತಿಳಿಸಿ ಒಂದು ತಿಂಗಳು ಸಮಯ ಕೊಡಬೇಕು. ಎಸ್‌ಎಂಎಸ್ ಹೋಗಿತ್ತು, ದಾಖಲೆಯೂ ಇತ್ತು. ಆದರೆ ಹೋದದ್ದು ಕಂಪನಿ ಕೊಟ್ಟಿದ್ದ ಸಿಮ್‌ಗೆ, ಅದನ್ನು ಅವರು ಕೆಲಸ ಬಿಟ್ಟ ದಿನವೇ ಹಿಂದಿರುಗಿಸಿದ್ದರು. ನೋಟಿಸ್ ತಲುಪಲಿಲ್ಲವೆಂದು ಸಾಬೀತು ಮಾಡುವ ದಾರಿ ಅವರಿಗಿರಲಿಲ್ಲ. ಹೀಗೆ ಕಡಿದೂ ಕಡಿದೂ ಖಾತೆಯನ್ನು ಸೊನ್ನೆಯ ಕೆಳಗೆ ತಳ್ಳುವಂತಿಲ್ಲ ಎಂಬುದು ಇನ್ನೊಂದು ನಿಯಮ. ಕನಿಷ್ಠ ಮೊತ್ತದ ದಂಡವೊಂದರಿಂದಲೇ ಉಳಿತಾಯ ಖಾತೆ ಋಣಕ್ಕೆ ಇಳಿಯಬಾರದು. "ಸಾಲ ಬರುತ್ತದೆ" ಎಂದು ಹೆದರಿ ಶಾಖೆಯತ್ತ ಸುಳಿಯದವರನ್ನು ಕಂಡಿದ್ದೇನೆ, ಅದಕ್ಕಾಗಿ ಹೇಳುತ್ತಿದ್ದೇನೆ.

ಅವರ ಎರಡನೇ ಪ್ರಶ್ನೆ, "ಈ ಉಳಿದ ಹಣ ಸರ್ಕಾರಕ್ಕೆ ಹೋಗುತ್ತದಂತಲ್ಲ?" ಅದಕ್ಕೂ ಮೊದಲೆಲ್ಲ ನಾನು ಹೂಂಗುಟ್ಟುತ್ತಿದ್ದೆ. ಅರ್ಧ ಸತ್ಯ. ಹತ್ತು ವರ್ಷ ವ್ಯವಹಾರವಿಲ್ಲದ ಖಾತೆಯ ಮೊತ್ತ, ಇವರ ಲೆಕ್ಕದಲ್ಲಿ 2031ರ ಜೂನ್ ನಂತರ, ರಿಸರ್ವ್ ಬ್ಯಾಂಕು 2014ರಲ್ಲಿ ಸ್ಥಾಪಿಸಿದ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಹೋಗುತ್ತದೆ. ಆದರೆ ಹಕ್ಕು ಹೋಗುವುದಿಲ್ಲ, ಕೇಳಲು ಗಡುವೂ ಇಲ್ಲ. ರಿಸರ್ವ್ ಬ್ಯಾಂಕಿಗೆ ಅಲೆಯಬೇಕಾಗಿಯೂ ಇಲ್ಲ: ಅರ್ಜಿ ಕೊಡುವುದು ತಮ್ಮ ಬ್ಯಾಂಕಿಗೇ, ಬ್ಯಾಂಕು ಮೊದಲು ಹಣ ಕೊಟ್ಟು ಆಮೇಲೆ ನಿಧಿಯಿಂದ ವಾಪಸು ಪಡೆಯುತ್ತದೆ. ಬಡ್ಡಿ ಇರುವ ಖಾತೆಯಾದರೆ ನಿಧಿಯಲ್ಲಿದ್ದ ಕಾಲಕ್ಕೂ ಸರಳ ಬಡ್ಡಿ ಸಿಗುತ್ತದೆ, 2021ರ ಮೇ 11ರಿಂದ ವರ್ಷಕ್ಕೆ ಶೇ 3. ತೀರಿಕೊಂಡ ಗಂಡನ ಖಾತೆ ಹುಡುಕಿಕೊಂಡು ಬಂದ ಅಜ್ಜಿಯೊಬ್ಬರಿಗೆ ಹೀಗೆ ಕೊಡಿಸಿದ್ದೇವೆ. ಅವರ ಮೊಮ್ಮಗಳು udgam.rbi.org.in ತಾಣದಲ್ಲಿ ಹೆಸರು ಹಾಕಿ ಹುಡುಕಿದ್ದಳು. ಆ ತಾಣ ಹಣವಿರುವ ಬ್ಯಾಂಕನ್ನು ತೋರಿಸುತ್ತದೆ, ಹಣ ಕೊಡುವುದು ಶಾಖೆಯೇ. ಹಳೆಯ ರಿಜಿಸ್ಟರಿನಲ್ಲಿ ನಾಮಿನಿ ಎಂದು ಅಜ್ಜಿಯ ಹೆಸರೇ ಇದ್ದುದರಿಂದ ಕೋರ್ಟಿನ ಕಾಗದ ಬೇಕಾಗಲಿಲ್ಲ. ಆದರೆ ನೆನಪಿಡಿ, ನಿಧಿಗೆ ಹೋಗುವುದು ಉಳಿದ ಮೊತ್ತ ಮಾತ್ರ. ಮೊದಲ ಎರಡು ವರ್ಷದಲ್ಲಿ ಸೋರಿದ್ದು ಅಲ್ಲಿ ಸಿಗುವುದಿಲ್ಲ.

ಟ್ಯಾಕ್ಸಿಯವರು ಖಾತೆಯನ್ನು ಮತ್ತೆ ಚಾಲೂ ಮಾಡಿಸುತ್ತೇನೆಂದರು. ಆಧಾರ್, ಪ್ಯಾನ್, ಹೊಸ ಸಹಿ ಕೊಟ್ಟರೆ ಮೂರು ಕೆಲಸದ ದಿನದೊಳಗೆ ಆಗಬೇಕಾದ ಕೆಲಸ. ಫಾರಂ ಕೈಗೆತ್ತಿಕೊಂಡವಳು ತಡೆದೆ. ಚಾಲೂ ಆದ ಕೂಡಲೇ ಅದು ನಿದ್ರೆಯಿಂದ ಎದ್ದ ಖಾತೆ. ಸಾವಿರ ರೂಪಾಯಿ ತುಂಬದಿದ್ದರೆ ದಂಡವೂ ಅದರ ಜೊತೆಗೇ ಏಳುತ್ತದೆ. ಖಾತೆ ಬೇಕೇ ಬೇಕೆಂದರೆ ಕನಿಷ್ಠ ಮೊತ್ತವಿಲ್ಲದ ಮೂಲ ಉಳಿತಾಯ ಖಾತೆಯಾಗಿ ಬದಲಿಸಿಕೊಳ್ಳಿ, ಬೇಡವೆಂದರೆ ಮುಚ್ಚಿ ಹಣ ಒಯ್ಯಿರಿ ಎಂದೆ. ಮುಚ್ಚಿದರು. ಬಡ್ಡಿ ಸೇರಿ ನೂರ ತೊಂಬತ್ತು ಚಿಲ್ಲರೆ ಸಿಕ್ಕಿತು.

ಮುಂದಿನ ವಾರ ಹೆಂಡತಿಯನ್ನು ಕರೆದುಕೊಂಡು ಬಂದರು. ಗಾರ್ಮೆಂಟ್ಸ್ ಕೆಲಸ ಬಿಟ್ಟ ಮೇಲೆ ಆಕೆಯ ಸಂಬಳದ ಖಾತೆಯೂ ಹಾಗೇ ಬಿದ್ದಿತ್ತು. ಈ ಸಲ ಬ್ಯಾಲೆನ್ಸ್ ನೋಡುವ ಮೊದಲು ಕೊನೆಯ ವ್ಯವಹಾರದ ತಾರೀಖು ನೋಡಿದೆ. ಹದಿನಾಲ್ಕು ತಿಂಗಳಾಗಿತ್ತು. ಕಾರ್ಡಿನ ಶುಲ್ಕ ಆಗಲೇ ಒಂದು ಸಲ ಬಿದ್ದಿತ್ತು.