ಹಳದಿ ಕತ್ತಿ ಬಿಟ್ಟು ನೀಲಿ ಕತ್ತಿ ಹಿಡಿಯುವವರು

ಶತ್ರುಗಳನ್ನು ಕೊಂದಾಗ ಆಯುಧಗಳು ಬೀಳುವ, ಅಂದರೆ ಲೂಟ್ ಇರುವ ಆಕ್ಷನ್ ಗೇಮ್‌ಗಳಿಗೆ ಆಯುಧಗಳನ್ನು ಡಿಸೈನ್ ಮಾಡೋದು ನನ್ನ ಕೆಲಸ. ಹೊಸದಾಗಿ ತಂಡಕ್ಕೆ ಬಂದವರೆಲ್ಲ ಒಂದೇ ಪ್ರಶ್ನೆ ಕೇಳ್ತಾರೆ: "ಪ್ಲೇಟೆಸ್ಟ್‌ನಲ್ಲಿ ಜನ ಅಪರೂಪದ ಹಳದಿ ಕತ್ತಿ ಮಾರಿ, ಸಾಧಾರಣ ನೀಲಿ ಕತ್ತಿ ಯಾಕೆ ಇಟ್ಟುಕೊಳ್ತಾರೆ?"

ಡಯಾಬ್ಲೊ 2 ಮತ್ತು ಪಾತ್ ಆಫ್ ಎಕ್ಸೈಲ್‌ನಲ್ಲಿ ಬಣ್ಣ ಹೇಳೋದು ಆಯುಧದ ಮೇಲೆ ಎಷ್ಟು ಸಾಲು, ಅಂದರೆ ಹೆಚ್ಚುವರಿ ಗುಣ, ಬರಬಹುದು ಅನ್ನೋದನ್ನು. ಸಾಲುಗಳಲ್ಲಿ ಪ್ರಿಫಿಕ್ಸ್, ಸಫಿಕ್ಸ್ ಅಂತ ಎರಡು ಬಗೆ. ನೀಲಿ ಮ್ಯಾಜಿಕ್ ಆಯುಧಕ್ಕೆ ಹೆಚ್ಚೆಂದರೆ ಒಂದು ಪ್ರಿಫಿಕ್ಸ್, ಒಂದು ಸಫಿಕ್ಸ್. ಹಳದಿ ರೇರ್‌ಗೆ ಮೂರು ಮತ್ತು ಮೂರರವರೆಗೆ. ಆ ಸಾಲುಗಳು ಕೆಲಸಕ್ಕೆ ಬರುತ್ತವಾ ಅನ್ನೋದನ್ನು ಬಣ್ಣ ಹೇಳೋದಿಲ್ಲ.

ಒಂದು ಲೆಕ್ಕ ಹಾಕೋಣ. ಕತ್ತಿಯ ಸರಾಸರಿ ಡ್ಯಾಮೇಜ್ 50, ಸೆಕೆಂಡಿಗೆ 1.4 ಏಟು ಅಂದುಕೊಳ್ಳಿ. ಅಲ್ಲಿಗೆ ಡಿಪಿಎಸ್, ಅಂದರೆ ಸೆಕೆಂಡಿಗೆ ಆಗುವ ಡ್ಯಾಮೇಜ್, 70. ನೀಲಿ ಕತ್ತಿಯಲ್ಲಿ 120% ಡ್ಯಾಮೇಜ್, 20% ವೇಗ ಬಂತು. 50 ಹೋಗಿ 110 ಆಯಿತು, ವೇಗ 1.68 ಆಯಿತು, ಡಿಪಿಎಸ್ ಸುಮಾರು 185. ಹಳದಿಯಲ್ಲಿ 30% ಡ್ಯಾಮೇಜ್ ಜೊತೆಗೆ ಬೆಳಕು, ಗುರಿ, ಬೆಂಕಿ ತಡೆ ಅಂತ ಆರು ಸಾಲು ಬಂದವು. ಡಿಪಿಎಸ್ ಬರೀ 91. ಡ್ಯಾಮೇಜ್ ಮತ್ತು ವೇಗ ಒಂದನ್ನೊಂದು ಗುಣಿಸುತ್ತವೆ. ಉಳಿದ ಸಾಲುಗಳು ಸುಮ್ನೆ ಪಕ್ಕದಲ್ಲಿ ಕೂತಿರುತ್ತವೆ.

"ಹಳದಿಗೆ ಹೆಚ್ಚು ಅವಕಾಶ ಇದೆ ಅಲ್ವಾ?" ಅಂತ ಕೇಳಬಹುದು. ಇದೆ. ಪ್ರತಿ ಸಾಲಿಗೂ ಅದು ಬರುವ ಸಾಧ್ಯತೆ ಎಷ್ಟು ಅಂತ ಹೇಳುವ ಒಂದು ತೂಕ ಇರುತ್ತದೆ. ಪ್ರಿಫಿಕ್ಸ್ ಪಟ್ಟಿಯ ಒಟ್ಟು ತೂಕ 1000, ಅದರಲ್ಲಿ ಆ ದೊಡ್ಡ ಡ್ಯಾಮೇಜ್ ಸಾಲಿನ ತೂಕ 20 ಇದ್ದರೆ, ಪ್ರಿಫಿಕ್ಸ್ ಬಂದ ನೀಲಿಗೆ ಅದು ಸಿಗುವ ಸಾಧ್ಯತೆ 2%. ಮೂರೂ ಪ್ರಿಫಿಕ್ಸ್ ತುಂಬಿದ ಹಳದಿಗೆ ಸುಮಾರು 6%. ಆದರೆ ಒಂದು ಹಳದಿ ಬೀಳುವಷ್ಟರಲ್ಲಿ ಅಂಥ ಹತ್ತು ನೀಲಿ ಬಿದ್ದರೆ? ಆ ಹತ್ತರಲ್ಲಿ ಒಂದಾದರೂ ಆ ಸಾಲು ಹೊತ್ತು ಬರುವ ಸಾಧ್ಯತೆ ಸುಮಾರು 18%. ಆಟಗಾರ ಸರಾಸರಿ ಕತ್ತಿ ಹಿಡಿಯೋದಿಲ್ಲ, ಇದುವರೆಗೆ ಸಿಕ್ಕಿದ್ದರಲ್ಲಿ ಒಳ್ಳೆಯದನ್ನು ಹಿಡಿಯುತ್ತಾನೆ. ಅದಕ್ಕೇ ಒಂದು ಆಯುಧವನ್ನು ಮತ್ತೊಂದರ ಜೊತೆ ಹೋಲಿಸುವ ಶೀಟ್ ನನಗೆ ಸಾಲದು. ಇಷ್ಟು ಹೊತ್ತು ಆಡಿದ ಮೇಲೆ ಕೈಯಲ್ಲಿ ಯಾವ ಬಣ್ಣ ಇರುತ್ತದೆ ಅನ್ನೋ ಸಿಮ್ಯುಲೇಶನ್ ಬೇಕು.

ಹಳದಿ ಸೋಲದಿರಲಿ ಅಂತ ನಾವು ಸಾಮಾನ್ಯವಾಗಿ ಹಳದಿ ಆಯುಧದ ಒಂದು ಪ್ರಿಫಿಕ್ಸನ್ನು ಡ್ಯಾಮೇಜ್ ಗುಂಪಿಗೇ ಮೀಸಲಿಡುತ್ತೇವೆ. ಅದು ತೀರಾ ಕೆಳಗಿನ ದರ್ಜೆಯದ್ದಾಗದಂತೆಯೂ ನೋಡಿಕೊಳ್ತೇವೆ. ಇದು ಜಾಸ್ತಿಯಾದರೆ ಎಲ್ಲ ಹಳದಿಯೂ ಒಂದೇ ಥರ ಕಾಣುತ್ತವೆ. ನೀಲಿಯನ್ನು ಯಾರೂ ಎತ್ತಿಕೊಳ್ಳೋದೂ ಇಲ್ಲ. ನೆಲದ ಮೇಲೆ ಉಳಿದ ನೀಲಿ ರಾಶಿ ನೋಡಿದರೆ ಅದು ಗೊತ್ತಾಗುತ್ತದೆ.

ಪಾತ್ ಆಫ್ ಎಕ್ಸೈಲ್ ಮಾಡಿದ್ದು ನನಗೆ ಹೆಚ್ಚು ಇಷ್ಟ. ಅಲ್ಲಿ ರೀಗಲ್ ಆರ್ಬ್ ಅನ್ನೋ ವಸ್ತು ಬಳಸಿದರೆ ನೀಲಿ ಆಯುಧ ಇದ್ದ ಸಾಲುಗಳನ್ನು ಉಳಿಸಿಕೊಂಡೇ ಹಳದಿಯಾಗುತ್ತದೆ, ಹೊಸದಾಗಿ ಒಂದು ಸಾಲು ಸೇರುತ್ತದೆ. ಆ ಹೊಸ ಸಾಲು ಮಾತ್ರ ಅದೃಷ್ಟಕ್ಕೆ ಬಿಟ್ಟದ್ದು. ನಮ್ಮ 185ರ ನೀಲಿ ಕತ್ತಿಗೆ ಅಲ್ಲಿ ಕೊನೆಯವರೆಗೂ ಬೆಲೆ ಇರುತ್ತದೆ.