ಮೇಲ್‌ನ ಕೆಳಗಿನ ಗೋಪ್ಯತೆಯ ಸಾಲುಗಳಿಗೆ ಎಷ್ಟು ಬಲ?

ಸರಬರಾಜುದಾರರ ಜೊತೆಗಿನ ಒಪ್ಪಂದಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಒಮ್ಮೆ ನಾವು ಕಳಿಸಿದ ಡ್ರಾಯಿಂಗ್ ಒಂದನ್ನು ಸರಬರಾಜುದಾರರೊಬ್ಬರು ತಮ್ಮ ಉಪಗುತ್ತಿಗೆದಾರರಿಗೆ ಫಾರ್ವರ್ಡ್ ಮಾಡಿದರು. ಕೇಳಿದರೆ, "ಗೋಪ್ಯ ಅಂತ ಎಲ್ಲಿ ಹೇಳಿದ್ರಿ?" ಅಂದರು. ನಮ್ಮವರು ಮೇಲ್‌ನ ಫುಟರ್ ತೋರಿಸಿದರು. ಅವರು ತಿರುಗಿ "ಮೀಟಿಂಗ್ ನಾಳೆಗೆ ಹೋಗಿದೆ" ಎಂಬ ನಮ್ಮದೇ ಇನ್ನೊಂದು ಮೇಲ್ ತೋರಿಸಿದರು. ಅದರ ಕೆಳಗೂ ಅದೇ ಫುಟರ್!

ನಮ್ಮ ನಡುವೆ ಗೋಪ್ಯತಾ ಒಪ್ಪಂದ ಇತ್ತು. ಆದರೆ "ಕೊಡುವಾಗಲೇ ಗೋಪ್ಯ ಎಂದು ಗುರುತು ಮಾಡಿದ್ದು ಮಾತ್ರ" ಎಂಬ ಷರತ್ತೂ ಇತ್ತು. ಇಂಥ ಷರತ್ತು ಬಹಳ ಒಪ್ಪಂದಗಳಲ್ಲಿ ಇರುತ್ತದೆ. ಎಲ್ಲ ಮೇಲ್‌ಗೂ ತಾನಾಗಿ ಅಂಟಿಕೊಳ್ಳುವ ಸಾಲುಗಳನ್ನು ಆ ಗುರುತು ಅಂತ ವಾದಿಸಬಹುದು, ಆದರೆ ವಾದ ತೆಳು. ಯಾವುದು ಗುಟ್ಟು, ಯಾವುದು ಅಲ್ಲ ಅಂತ ಅದು ಹೇಳುವುದೇ ಇಲ್ಲ ಅಲ್ವಾ?

ಆಮೇಲೆ ಗುರುತನ್ನು ಮೇಲಕ್ಕೆ ತಂದೆವು. ವಿಷಯದ ಸಾಲಿನಲ್ಲಿ "ಗೋಪ್ಯ", ಮೇಲ್‌ನ ಮೊದಲ ಸಾಲಿನಲ್ಲಿ ಹೀಗೆ: "ಲಗತ್ತಿಸಿದ ಡ್ರಾಯಿಂಗ್ ನಮ್ಮ ಗೋಪ್ಯತಾ ಒಪ್ಪಂದದ ಅಡಿ ಬರುತ್ತದೆ. ನಿಮ್ಮ ಯೋಜನಾ ತಂಡದ ಹೊರಗೆ ಕೊಡಬೇಡಿ." ಡ್ರಾಯಿಂಗ್‌ನ ಪ್ರತಿ ಪುಟದ ಮೇಲೂ ಅದೇ ಗುರುತು. ಫೈಲ್ ಮೇಲ್‌ನಿಂದ ಬೇರೆಯಾಗಿ ಓಡಾಡುತ್ತದೆ, ಫುಟರ್ ಅದರ ಹಿಂದೆ ಹೋಗುವುದಿಲ್ಲ.

ಹಾಗಾದರೆ ಫುಟರ್ ಸುಮ್ನೆ ದಂಡವಾ? ಪೂರ್ತಿ ಅಲ್ಲ. ತಪ್ಪಿ ಮೇಲ್ ಬಂದ ಅಪರಿಚಿತರು ನಿಮ್ಮ ಜೊತೆ ಏನನ್ನೂ ಒಪ್ಪಿಕೊಂಡಿಲ್ಲ. ಓದಿ ಮುಗಿಸಿದ ಮೇಲೆ ಕಾಣುವ "ಓದಿದರೆ ಕಾನೂನು ಕ್ರಮ" ಎಂಬ ಬೆದರಿಕೆಗೆ ಅರ್ಥವೂ ಇಲ್ಲ. ಆದರೆ ಮೇಲ್ ತಪ್ಪಿ ಬಂದಿದೆ ಅಂತ ಅವರಿಗೆ ತಿಳಿಸಿದ ಹಾಗಾಗುತ್ತದೆ. ಮುಂದೆ ಅದನ್ನು ಬಳಸಿಕೊಂಡರೆ "ಗೊತ್ತಿರಲಿಲ್ಲ" ಅನ್ನುವುದು ಕಷ್ಟ. ಇದಕ್ಕೆ ಎರಡು ಸಾಲು ಸಾಕು: "ಈ ಮೇಲ್ ನಿಮಗೆ ತಪ್ಪಿ ಬಂದಿದ್ದರೆ ದಯವಿಟ್ಟು ನಮಗೆ ತಿಳಿಸಿ, ಆಮೇಲೆ ಅಳಿಸಿ. ಬೇರೆಯವರಿಗೆ ಕಳಿಸಬೇಡಿ." ಬೆದರಿಸುವುದಕ್ಕಿಂತ ಕೇಳಿಕೊಂಡರೆ ಜನ ಉತ್ತರ ಕೊಡುವುದು ಜಾಸ್ತಿ, ಇದು ನನ್ನ ಅನುಭವ. ಕಂಪನಿಯ ಒಳಗಿನ ಮೇಲ್‌ಗಳಿಗೆ ಇದೂ ಬೇಡ.

"ಈ ಮೇಲ್‌ನಿಂದ ಯಾವ ಒಪ್ಪಂದವೂ ಆಗುವುದಿಲ್ಲ" ಎಂಬ ಸಾಲನ್ನು ನಾನು ಇನ್ನೂ ಕಡಿಮೆ ನಂಬುತ್ತೇನೆ. ಮೇಲೆ "ದರ ಒಪ್ಪಿದೆ, ಕೆಲಸ ಶುರು ಮಾಡಿ" ಅಂತ ಬರೆದು ಕೆಳಗೆ ಇದನ್ನು ಹಾಕಿದರೆ, ಎದುರಿನವರು ಮೇಲಿನದನ್ನೇ ಹಿಡಿಯುತ್ತಾರೆ. 2019ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೊಂದು, ನಿಯೋಕ್ಲಿಯಸ್ ವಿರುದ್ಧ ರೀಸ್ ಪ್ರಕರಣದಲ್ಲಿ, ಮೇಲ್‌ಗೆ ತಾನಾಗಿ ಸೇರಿದ ಹೆಸರು, ಹುದ್ದೆ, ಸಂಪರ್ಕದ ವಿವರಗಳನ್ನೇ ಸಹಿ ಅಂತ ಒಪ್ಪಿತು. ಜಮೀನಿನ ವ್ಯವಹಾರ ಅದು. ಅಂದರೆ ಮೇಲ್‌ನಿಂದಲೂ ಒಪ್ಪಂದ ಆಗಿಬಿಡಬಹುದು. ಹಾಗಾಗಿ ಮಾತುಕತೆ ಇನ್ನೂ ನಡೆಯುತ್ತಿದ್ದರೆ ಅದನ್ನು ದರದ ಪಕ್ಕದಲ್ಲೇ ಬರೆಯಬೇಕು: "ಈ ದರ ಚರ್ಚೆಗೆ ಮಾತ್ರ. ಇಬ್ಬರೂ ಸಹಿ ಹಾಕಿದ ಒಪ್ಪಂದ ಆಗುವವರೆಗೆ ಇಬ್ಬರಿಗೂ ಕಟ್ಟುಪಾಡಿಲ್ಲ." ಇದನ್ನು ಬರೆದ ಮೇಲೆ ಕೆಲಸ ಶುರು ಮಾಡಿಸಬಾರದು. ಮಾಡಿಸಿದರೆ ಈ ಸಾಲಿನ ಬಲವೂ ಹೋಗಬಹುದು.